ಡಿಲೀಟ್ ಆಗಿರಲಿಲ್ಲ ಸ್ವಾಮಿ, ಮರೆಯಾಗಿತ್ತು

ನನ್ನ ವಿಡಿಯೋವನ್ನು ಯೂಟ್ಯೂಬ್‌ನವರು ತೆಗೆದುಹಾಕಿದ್ದಾರೆ ಎಂದು ಇಂದಿಗೂ ನಂಬಿರುವವರು ನಮ್ಮ ತಾಲ್ಲೂಕಿನಲ್ಲಿದ್ದಾರೆ. ಅವರಲ್ಲಿ ಒಬ್ಬರು ಶಿಕ್ಷಣ ಇಲಾಖೆಯ ಅಧಿಕಾರಿ. ಅವರಿಗಾಗಿ ಅಲ್ಲದಿದ್ದರೂ, ಪಾಠದ ವಿಡಿಯೋ ಮಾಡಿ ಹಾಕುವ ನನ್ನಂಥ ಮೇಷ್ಟ್ರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವಿಡಿಯೋ ವಿದುರಾಶ್ವತ್ಥದ ಗೋಲಿಬಾರಿನದು. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಕಥೆ. ಹೈಸ್ಕೂಲು ಮಕ್ಕಳಿಗೆಂದೇ ಮಾಡಿದ್ದು. ಶೀರ್ಷಿಕೆಯಲ್ಲಿ ‘ಹತ್ಯಾಕಾಂಡ’ ಎಂದಿತ್ತು, ವಿವರಣೆಯಲ್ಲಿ ಗುಂಡು, ಸಾವು ಎಲ್ಲ ಇದ್ದವು. ಗೋಲಿಬಾರಿನ ಪಾಠದಲ್ಲಿ ಇನ್ನೇನು ಬರೆಯಬೇಕು?

ಸ್ವಾತಂತ್ರ್ಯೋತ್ಸವದ ಹಿಂದಿನ ವಾರ ಒಂದು ಖಾಸಗಿ ವಸತಿ ಶಾಲೆಯವರು ಸುತ್ತಲಿನ ಶಾಲೆಗಳ ಮಕ್ಕಳನ್ನು ಸೇರಿಸಿ, ಅದನ್ನು ತೋರಿಸಿ ಮಾತಾಡಿ ಎಂದು ಕರೆದಿದ್ದರು. ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಅಧಿಕಾರಿಗಳು, ಪಕ್ಕದಲ್ಲಿ ಲ್ಯಾಬ್ ನೋಡಿಕೊಳ್ಳುವ ಹುಡುಗ. ಅವರದೇ ಕಂಪ್ಯೂಟರಿನಲ್ಲಿ ನನ್ನ ಚಾನೆಲ್ ತೆರೆದೆ. ಬಾದಾಮಿ ಇದೆ, ಹಳೇಬೀಡು ಇದೆ, ಕಿತ್ತೂರು ಇದೆ. ವಿದುರಾಶ್ವತ್ಥ ಇಲ್ಲ. ಮೇಲೆ ಕೆಳಗೆ ಎಳೆದೆ, ಇಲ್ಲ. ಹೆಸರು ಟೈಪ್ ಮಾಡಿ ಹುಡುಕಿದೆ. ಬೇರೆ ಯಾರದೋ ದೇವಸ್ಥಾನದ ನಾಗರಕಲ್ಲುಗಳ ವಿಡಿಯೋ ಬಂತು, ನನ್ನದು ಬರಲಿಲ್ಲ. ದೊಡ್ಡ ಪರದೆಯ ಮೇಲೆ ನನ್ನ ಬೆರಳಿನ ತಪ್ಪುಗಳೆಲ್ಲ ಮಕ್ಕಳಿಗೆ ಕಾಣುತ್ತಿದ್ದವು. ಹಿಂದಿನ ಸಾಲಿನಲ್ಲಿ ಕಿಸಿಕಿಸಿ ಶುರುವಾಯಿತು.

“ಸಾರ್, ಕಾಪಿರೈಟ್ ಸ್ಟ್ರೈಕ್ ಬಿದ್ದಿರುತ್ತೆ, ತೆಗೆದುಬಿಟ್ಟಿರ್ತಾರೆ” ಎಂದ ಲ್ಯಾಬಿನ ಹುಡುಗ, ಮೈಕಿನ ಹತ್ತಿರವೇ ನಿಂತು. ಅಧಿಕಾರಿಗಳು ನಕ್ಕರು. “ಏನ್ ಮೇಷ್ಟ್ರೇ, ಹಾಕಬಾರದ್ದು ಏನಾದ್ರೂ ಹಾಕಿದ್ರಾ?”

ನನ್ನ ಫೋನ್ ತೆಗೆದು ನೋಡಿದರೆ ವಿಡಿಯೋ ಅಲ್ಲೇ ಇದೆ, ಓಡುತ್ತಿದೆ! ಫೋನ್ ಎತ್ತಿ ತೋರಿಸಿದೆ. ಅಷ್ಟು ಚಿಕ್ಕ ಪರದೆ ಯಾರಿಗೆ ಕಂಡೀತು? ಕೊನೆಗೆ ಬಾಯಲ್ಲೇ ಕಥೆ ಹೇಳಿ ಇಳಿದೆ. ಇಳಿಯುವ ಮುಂಚೆ ಒಂದು ಕೆಲಸ ಮಾತ್ರ ಮಾಡಿದೆ. ಕಿತ್ತೂರಿನ ವಿಡಿಯೋ ತೆರೆದು ಅದರ ಕೆಳಗೆ ನೋಡಿದೆ. ಹಳೆಯ ವಿದ್ಯಾರ್ಥಿಗಳು ಬರೆದ ಕಾಮೆಂಟುಗಳು ಇರಬೇಕಾದ ಜಾಗದಲ್ಲಿ ಒಂದೇ ಸಾಲು ಇತ್ತು: “Restricted Mode has hidden comments for this video.”

ಅಲ್ಲಿಗೆ ಕಳ್ಳ ಸಿಕ್ಕಿದ. ರಿಸ್ಟ್ರಿಕ್ಟೆಡ್ ಮೋಡ್ ಎಂದರೆ ಶಾಲೆ, ಗ್ರಂಥಾಲಯ, ಮನೆಗಳಲ್ಲಿ ದೊಡ್ಡವರ ವಿಷಯಗಳನ್ನು ಮರೆಮಾಡಲು ಯೂಟ್ಯೂಬ್ ಇಟ್ಟಿರುವ ಒಂದು ಜರಡಿ. ಯಾವ ವಿಡಿಯೋ ಉಳಿಯಬೇಕು, ಯಾವುದು ಹೋಗಬೇಕು ಎಂದು ಮುಖ್ಯವಾಗಿ ಯಂತ್ರವೇ ತೀರ್ಮಾನಿಸುತ್ತದೆ. ಶೀರ್ಷಿಕೆ, ವಿವರಣೆ, ವಿಡಿಯೋದಲ್ಲಿ ಬಳಸಿದ ಮಾತು, ವಯಸ್ಸಿನ ನಿರ್ಬಂಧ ಇದೆಯೇ ಎಂಬುದನ್ನೆಲ್ಲ ಅದು ನೋಡುತ್ತದೆ. ಮಾದಕ ವಸ್ತು, ಲೈಂಗಿಕತೆ, ಹಿಂಸೆ, ಬೈಗುಳದ ಜೊತೆಗೆ ಯುದ್ಧ, ಅಪರಾಧ, ರಾಜಕೀಯ ಸಂಘರ್ಷಗಳ ವಿವರವೂ ಅದರ ಪಟ್ಟಿಯಲ್ಲಿದೆ. ವಿಡಿಯೋ ನಿಯಮ ಮೀರಿರಬೇಕೆಂದೇನೂ ಇಲ್ಲ. ನನ್ನದರ ಮೇಲೆ ಯಾವ ಸ್ಟ್ರೈಕೂ ಇರಲಿಲ್ಲ. ಯಾವ ಪದಕ್ಕೆ, ಯಾವ ದೃಶ್ಯಕ್ಕೆ ಮರೆಯಾಯಿತು ಎಂದು ಯೂಟ್ಯೂಬ್ ಹೇಳುವುದೂ ಇಲ್ಲ. 2017ರ ಮಾರ್ಚಿನಲ್ಲಿ ಎಲ್‌ಜಿಬಿಟಿ ಸಮುದಾಯದವರ ಎಷ್ಟೋ ಸಾಧಾರಣ ವಿಡಿಯೋಗಳು ಹೀಗೇ ಮಾಯವಾಗಿ ಗದ್ದಲವೆದ್ದಿತ್ತು. ಮುಂದಿನ ತಿಂಗಳು ಕಂಪನಿ ಜರಡಿಯನ್ನು ಸರಿಪಡಿಸಿ, ಎಲ್ಲ ಬಗೆಯ ವಿಡಿಯೋಗಳೂ ಸೇರಿ 1.2 ಕೋಟಿ ಹೆಚ್ಚುವರಿ ವಿಡಿಯೋಗಳು ಈ ಮೋಡ್‌ನಲ್ಲೂ ಕಾಣುತ್ತವೆ ಎಂದಿತು.

ನನ್ನ ಭಾವಮೈದ ಸಾಫ್ಟ್‌ವೇರಿನವನು. “ಸ್ಟುಡಿಯೋ ನೋಡಿ ಭಾವ, ನಿರ್ಬಂಧ ಇದ್ರೆ ಅಲ್ಲಿ ಬರೆದಿರುತ್ತೆ” ಎಂದ. ನೋಡಿದೆ. Restrictions ಕಾಲಮ್ಮಿನಲ್ಲಿ ‘None’ ಎಂದಿತ್ತು. “ಹಂಗಾದ್ರೆ ಏನೂ ಇಲ್ಲ” ಎಂದು ಫೋನ್ ಇಟ್ಟುಬಿಟ್ಟ. ಕಾಪಿರೈಟ್, ವಯಸ್ಸಿನ ಮಿತಿ ಇಂಥವು ಆ ಕಾಲಮ್ಮಿನಲ್ಲಿ ಕಾಣುತ್ತವೆ, ಈ ಮೋಡ್‌ನ ಸುದ್ದಿ ಕಾಣುವುದಿಲ್ಲ. ಹಾಗಾಗಿ ಖಚಿತಪಡಿಸಿಕೊಳ್ಳಬೇಕಾದರೆ ನೋಡುಗರ ಜಾಗದಲ್ಲಿ ಕೂತೇ ನೋಡಬೇಕು.

ಮನೆಯಲ್ಲಿ ಮಾಡಿದ್ದು ಇಷ್ಟು. ಬ್ರೌಸರಿನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆರೆದೆ, ಲಾಗಿನ್ ಆಗಲಿಲ್ಲ. ಮೊದಲು ವಿಡಿಯೋದ ಲಿಂಕ್ ಹಾಕಿದೆ, ಓಡಿತು. ಲಾಗಿನ್ ಇಲ್ಲದೆಯೂ ಓಡಿತೆಂದರೆ ಅದು ಪ್ರೈವೇಟ್ ಅಲ್ಲ, ಡಿಲೀಟ್ ಆಗಿಲ್ಲ, ವಯಸ್ಸಿನ ನಿರ್ಬಂಧವೂ ಇಲ್ಲ. ವಯಸ್ಸಿನ ನಿರ್ಬಂಧವಿದ್ದಿದ್ದರೆ ಲಾಗಿನ್ ಆಗಲು ಕೇಳುತ್ತಿತ್ತು. ಆಮೇಲೆ ಮೇಲಿನ ಮೂರು ಚುಕ್ಕಿ ಒತ್ತಿ, ಪಟ್ಟಿಯ ತಳದಲ್ಲಿರುವ Restricted Mode ಆನ್ ಮಾಡಿ ಅದೇ ಲಿಂಕ್ ಹಾಕಿದೆ. ರಿಸ್ಟ್ರಿಕ್ಟೆಡ್ ಮೋಡ್ ಇರುವುದರಿಂದ ಈ ವಿಡಿಯೋ ಲಭ್ಯವಿಲ್ಲ ಎಂದಿತು. ಕಿತ್ತೂರಿನದು ಅದೇ ಕಿಟಕಿಯಲ್ಲಿ ಓಡಿತು. ಮೋಡ್ ಆಫ್ ಮಾಡಿದೆ, ವಿದುರಾಶ್ವತ್ಥವೂ ಓಡಿತು. ಆನ್ ಮಾಡಿ, ಆಫ್ ಮಾಡಿ ಎರಡೂ ಕಡೆ ನೋಡಿದರೆ ಮಾತ್ರ ಅನುಮಾನ ತೀರುತ್ತದೆ. ಚಾನೆಲ್ ಪಟ್ಟಿಯಲ್ಲಿ ಹುಡುಕುವುದಕ್ಕಿಂತ ನೇರ ಲಿಂಕ್ ಹಾಕುವುದು ಮೇಲು. ಪಟ್ಟಿಯಲ್ಲಿ ವಿಡಿಯೋ ಸದ್ದಿಲ್ಲದೆ ಇಲ್ಲವಾಗುತ್ತದೆ, ಲಿಂಕ್ ಹಾಕಿದರೆ ಕಾರಣವಾದರೂ ಬರುತ್ತದೆ.

ಇದು ವಿಡಿಯೋದ ಕಡೆಯ ಪರೀಕ್ಷೆ. ಆ ಶಾಲೆಯಲ್ಲಿ ಮೋಡ್ ಆನ್ ಮಾಡಿದ್ದು ಯಾರು? ಬಿಡದೆ ಮತ್ತೆ ಹೋದೆ. ಅಲ್ಲಿನ ಕಂಪ್ಯೂಟರಿನಲ್ಲಿ ಆ ಗುಂಡಿಯನ್ನು ಆಫ್ ಮಾಡಲು ಬಿಡುತ್ತಿರಲಿಲ್ಲ. ಅಂದರೆ ಬೀಗ ಬೇರೆ ಕಡೆ ಇದೆ. ಅದೇ ಬ್ರೌಸರಿನಲ್ಲಿ youtube.com/check_content_restrictions ಪುಟ ತೆರೆದರೆ ನಿರ್ಬಂಧ ಡಿಎನ್‌ಎಸ್‌ನಿಂದಲೋ, ಎಚ್‌ಟಿಟಿಪಿ ಹೆಡರಿನಿಂದಲೋ, ಸಂಸ್ಥೆಯ ಗೂಗಲ್ ಖಾತೆಯಿಂದಲೋ ಎಂದು ಬಿಡಿಸಿ ತೋರಿಸುತ್ತದೆ. ಅಲ್ಲಿ ಡಿಎನ್‌ಎಸ್ ಎಂದು ಬಂತು. ಕಮಾಂಡ್ ಪ್ರಾಂಪ್ಟಿನಲ್ಲೂ ನೋಡಿದೆ:

```
nslookup www.youtube.com
```

ಉತ್ತರದಲ್ಲಿ restrict.youtube.com ಮತ್ತು 216.239.38.120 ಎಂದಿತ್ತು. ಅಂದರೆ ಯೂಟ್ಯೂಬ್ ಕೇಳಿದವರನ್ನೆಲ್ಲ ಶಾಲೆಯ ನೆಟ್‌ವರ್ಕೇ ಕಟ್ಟುನಿಟ್ಟಾದ ಜರಡಿಯ ಕಡೆಗೆ ತಿರುಗಿಸುತ್ತಿತ್ತು. ಸ್ವಲ್ಪ ಸಡಿಲವಾದದ್ದೂ ಒಂದಿದೆ. ಅದಾಗಿದ್ದರೆ restrictmoderate.youtube.com, 216.239.38.119 ಎಂದು ಬರುತ್ತದೆ, ಹೆಚ್ಚು ವಿಡಿಯೋಗಳು ಕಾಣುತ್ತವೆ. ನನ್ನ ಫೋನು ಮೊಬೈಲ್ ಡೇಟಾದಲ್ಲಿತ್ತು, ಅದಕ್ಕೇ ಅಲ್ಲಿ ವಿಡಿಯೋ ಕಂಡಿದ್ದು.

ಇದನ್ನು ಕಟ್ಟಿದವನು ಅದೇ ಲ್ಯಾಬಿನ ಹುಡುಗ! ಶಾಲೆ ಮಕ್ಕಳ ಕಣ್ಣಿಗೆ ಜರಡಿ ಹಾಕುವುದು ಸರಿಯೇ, ಅದರಲ್ಲಿ ನನಗೆ ತಕರಾರಿಲ್ಲ. ತಾನೇ ಹಾಕಿದ ಬೀಗ ಮರೆತು, ಮೈಕಿನ ಮುಂದೆ ನನ್ನ ಮೇಲೆ ಸ್ಟ್ರೈಕ್ ಹೊರಿಸಿದ್ದಕ್ಕೆ ತಕರಾರು. ಪರದೆಯ ಫೋಟೋ ತೆಗೆದು ಅಧಿಕಾರಿಗಳಿಗೂ ಕಳಿಸಿದೆ. ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ.

ಶೀರ್ಷಿಕೆ ಬದಲಿಸಿ ಎಂದು ಹಲವರು ಹೇಳಿದರು. ಬದಲಿಸಿದರೆ ವಾಪಸ್ ಬಂದೇ ಬರುತ್ತದೆಂಬ ಖಾತ್ರಿ ಇಲ್ಲ, ಮೂವತ್ತಕ್ಕೂ ಹೆಚ್ಚು ಜನ ಸತ್ತದ್ದನ್ನು ‘ಒಂದು ಘಟನೆ’ ಎಂದು ಬರೆಯಲು ನಾನು ತಯಾರೂ ಇಲ್ಲ. ಈಗ ಯಾವ ಶಾಲೆಯವರು ಕರೆದರೂ, ಮಕ್ಕಳು ಸೇರುವ ಮೊದಲೇ ಅವರ ಕಂಪ್ಯೂಟರಿನಲ್ಲಿ ಆ ಪರೀಕ್ಷೆಯ ಪುಟ ತೆರೆಸುತ್ತೇನೆ. ಬೀಗ ಕಂಡರೆ ವಾದ ಮಾಡುವುದಿಲ್ಲ. ಸ್ಟುಡಿಯೋದಿಂದ ನನ್ನದೇ ವಿಡಿಯೋ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿರುತ್ತೇನೆ, ಅದನ್ನೇ ಚುಚ್ಚಿ ಪಾಠ ಶುರುಮಾಡುತ್ತೇನೆ.