ರೋಗಿಯನ್ನು ಕಟ್ಟಿಹಾಕುವ ಮೊದಲು: ಆರೋಗ್ಯ ಕೇಂದ್ರದ ಸಿಸ್ಟರ್‌ಗಳಿಗೆ ಒಂದು ಪಾಠ



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಆರೋಗ್ಯ ಕೇಂದ್ರಗಳಲ್ಲಿ ದುಡಿಯುವ ನಮ್ಮ ಕನ್ನಡದ ಸಿಸ್ಟರ್ ಮತ್ತು ಬ್ರದರ್‌ಗಳಿಗಾಗಿ ಇಂದಿನ ಪಾಠ. ವಿಷಯ ಇದು: ಕೂಗಾಡುವ, ದೂಡುವ, ಹೊಡೆಯಲು ಬರುವ ರೋಗಿಯನ್ನು ಕೈಕಾಲು ಕಟ್ಟದೆ ಸಂಭಾಳಿಸುವುದು ಹೇಗೆ? ಮನೆಯಲ್ಲಿ ಹಿರಿಯರಿರುವವರೂ ಓದಬಹುದು.

ಹೃದಯದ ಡಾಕ್ಟರಿಗೆ ಇದರಲ್ಲೇನು ಕೆಲಸ ಎಂದು ಕೇಳಬಹುದು. ಉತ್ತರ ಸರಳ. ಬಲವಂತವಾಗಿ ಹಿಡಿದಾಗ ಮೊದಲು ಪೆಟ್ಟು ಬೀಳುವುದು ಉಸಿರಿಗೆ ಮತ್ತು ಹೃದಯಕ್ಕೆ.

*ಹಿಡಿದು ಕಟ್ಟಿದಾಗ ದೇಹದೊಳಗೆ ಏನಾಗುತ್ತದೆ?*

ರೋಗಿ ಕೊಸರಾಡುತ್ತಾನೆ. ಅಡ್ರಿನಲಿನ್ ಏರುತ್ತದೆ, ನಾಡಿ ಓಡುತ್ತದೆ, ಸ್ನಾಯುಗಳಿಂದ ಆಮ್ಲ ರಕ್ತಕ್ಕೆ ಸೇರುತ್ತದೆ. ಆ ಆಮ್ಲವನ್ನು ಸರಿದೂಗಿಸಲು ಅವನು ಜೋರಾಗಿ ಉಸಿರಾಡಲೇಬೇಕು. ಅದೇ ಹೊತ್ತಿಗೆ ಯಾರೋ ಬೋರಲು ಮಲಗಿಸಿ ಬೆನ್ನ ಮೇಲೆ ಮಂಡಿಯೂರಿದರೆ ಎದೆ ಹಿಗ್ಗುವುದಿಲ್ಲ. ಆಮ್ಲ ಇನ್ನೂ ಏರಿ ಹೃದಯ ನಿಂತುಹೋಗಬಹುದು. ಆದ್ದರಿಂದ ಒಂದು ಮಾತು ನೆನಪಿರಲಿ: ಹಿಡಿದವನು ಥಟ್ಟನೆ ಸುಮ್ಮನಾದರೆ “ಅಬ್ಬಾ, ಶಾಂತನಾದ” ಎನ್ನಬೇಡಿ. ಕೂಡಲೇ ಉಸಿರು ಮತ್ತು ನಾಡಿ ನೋಡಿ.

ಇನ್ನೊಂದು ಅಪಾಯ ಶ್ವಾಸಕೋಶದಲ್ಲಿ ನೀರು ತುಂಬಿದ ಹೃದ್ರೋಗಿಯದು. ಅವನು ಮಾಸ್ಕ್ ಕಿತ್ತೆಸೆಯುತ್ತಾನೆ, ಎದ್ದು ಕೂರಲು ಹೆಣಗುತ್ತಾನೆ. ನೋಡುವವರಿಗೆ ಅದು ಹಟದಂತೆ ಕಾಣುತ್ತದೆ, ಆದರೆ ಅವನಿಗೆ ಉಸಿರೇ ಸಿಗುತ್ತಿಲ್ಲ. ಅವನನ್ನು ಅಂಗಾತ ಮಲಗಿಸಿ ಕಟ್ಟಿದರೆ ಜೀವಕ್ಕೇ ಕುತ್ತು. ಕೂರಿಸಿ, ಕಾಲು ಇಳಿಬಿಡಿಸಿ, ಆಕ್ಸಿಜನ್ ಕೊಡಿ.

*ಕಾನೂನು ಏನು ಹೇಳುತ್ತದೆ?*

2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ ಸತ್ತರು. ಸತ್ತವರು 28 ಮಂದಿ. ಇಂದು ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ. ಅದರ 97ನೇ ಕಲಮಿನಂತೆ, ತಕ್ಷಣದ ಹಾನಿ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಚಿಕಿತ್ಸೆ ಮಾಡುತ್ತಿರುವ ಮನೋವೈದ್ಯರ ಅನುಮತಿಯಿಂದ, ಅಗತ್ಯವಿರುವಷ್ಟೇ ಹೊತ್ತು ರೋಗಿಯನ್ನು ಕಟ್ಟಬಹುದು. ಶಿಕ್ಷೆಗಾಗಿ ಕಟ್ಟುವಂತಿಲ್ಲ. “ಸ್ಟಾಫ್ ಕಡಿಮೆ” ಎಂಬುದೂ ಕಾರಣವಾಗದು. ಈ ಕಲಮು ಮಾನಸಿಕ ಆರೋಗ್ಯ ಸಂಸ್ಥೆಗಳಿಗಾಗಿ ಬರೆದದ್ದು. ಮನೋವೈದ್ಯರೇ ಇಲ್ಲದ ಸಣ್ಣ ದವಾಖಾನೆಯಲ್ಲಿ ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟುವವರಿಗೆ ಅದರಲ್ಲಿ ಯಾವ ಆಸರೆಯೂ ಇಲ್ಲ.

*ಒಂದು ಉದಾಹರಣೆ ನೋಡೋಣ*

ಇದು ಪಾಠಕ್ಕಾಗಿ ಕಲ್ಪಿಸಿದ ಕೇಸು. ಏಕಾದಶಿಯ ದಿನ, ಬೆಳಿಗ್ಗೆ 11.20. 62 ವರ್ಷದ ಒಬ್ಬ ಕಾಕಾ. ಮಗ ರಿಕ್ಷಾದಲ್ಲಿ ಕರೆತಂದಿದ್ದಾನೆ. ಕಾಕಾ ಬೈಯುತ್ತಿದ್ದಾರೆ, ಕುರ್ಚಿ ದೂಡುತ್ತಿದ್ದಾರೆ, ಅಂಗಿ ಬೆವರಿನಿಂದ ತೊಯ್ದಿದೆ. ವಾಚ್‌ಮನ್ ಎರಡೂ ಕೈ ತಿರುಚಿ ಹಿಡಿದಿದ್ದಾನೆ. ಯಾರೋ ಬ್ಯಾಂಡೇಜ್ ತಂದರು.

*1. ಜಾಗ ಬಿಡಿಸಿ.* ಸಿಸ್ಟರ್ ಮೊದಲು ವಾಚ್‌ಮನ್‌ಗೆ ಕೈಬಿಡಲು ಹೇಳುತ್ತಾರೆ. ಗುಂಪನ್ನು ಹೊರಗೆ ಕಳಿಸುತ್ತಾರೆ. ಕತ್ತರಿ, ಟ್ರೇ, ಸಲೈನ್ ಸ್ಟ್ಯಾಂಡ್ ದೂರ ಇಡಿಸುತ್ತಾರೆ. ತಾವು ಎರಡು ತೋಳಿನಷ್ಟು ದೂರದಲ್ಲಿ, ನೇರ ಎದುರಿಗಲ್ಲ, ಸ್ವಲ್ಪ ಓರೆಯಾಗಿ, ಅಂಗೈ ಕಾಣುವಂತೆ ನಿಲ್ಲುತ್ತಾರೆ. ಬಾಗಿಲು ತಮಗೂ ಸಿಗುವಂತಿರಬೇಕು, ಕಾಕಾನಿಗೂ ಅಡ್ಡವಾಗಬಾರದು. ದಾರಿ ಮುಚ್ಚಿದೆ ಎನಿಸಿದರೆ ರೋಗಿ ಹೊಡೆಯುತ್ತಾನೆ.

*2. ಒಬ್ಬರೇ ಮಾತಾಡಿ.* ನಾಲ್ಕು ಜನ ನಾಲ್ಕು ಭಾಷೆಯಲ್ಲಿ ಕೂಗಿದರೆ ಗಲಿಬಿಲಿಯಾದ ತಲೆಗೆ ಏನೂ ಹೋಗದು. ಸಿಸ್ಟರ್ ಮಾತ್ರ, ತಗ್ಗಿದ ದನಿಯಲ್ಲಿ, ರೋಗಿಯ ಮನೆಮಾತಿನಲ್ಲಿ, ಮರಾಠಿಯಾದರೆ ಮರಾಠಿಯಲ್ಲೇ, ಚಿಕ್ಕ ವಾಕ್ಯ ಹೇಳುತ್ತಾರೆ: “ಕಾಕಾ, ನಾನು ಸಿಸ್ಟರ್. ನಿಮ್ಮನ್ನು ಯಾರೂ ಹಿಡಿಯುವುದಿಲ್ಲ. ಕೂರ್ತೀರಾ?” ಉತ್ತರಕ್ಕೆ ಕಾಯುತ್ತಾರೆ. ಅದೇ ಮಾತನ್ನು ಮತ್ತೆ ಹೇಳುತ್ತಾರೆ. “ಸುಮ್ಮನಿರಿ”, “ಪೊಲೀಸರನ್ನು ಕರೀತೀನಿ” ಎನ್ನುವುದಿಲ್ಲ, ವಾದಿಸುವುದಿಲ್ಲ. ಆಯ್ಕೆ ಕೊಡುತ್ತಾರೆ: “ಇಲ್ಲಿ ಕೂರ್ತೀರಾ, ಫ್ಯಾನಿನ ಕೆಳಗೆ ಕೂರ್ತೀರಾ?”

*3. ಕಾರಣ ಹುಡುಕಿ.* ಅಷ್ಟರಲ್ಲಿ ಇನ್ನೊಬ್ಬ ಸಿಸ್ಟರ್ ಬಾಗಿಲ ಹೊರಗೆ ಮಗನನ್ನು ಕೇಳುತ್ತಾರೆ. ಶುಗರ್ ಇದೆಯೇ, ಯಾವ ಮಾತ್ರೆ? ಕುಡಿಯುತ್ತಾರೆಯೇ, ಕೊನೆಗೆ ಕುಡಿದದ್ದು ಯಾವಾಗ? ಜ್ವರ, ತಲೆಗೆ ಪೆಟ್ಟು, ಫಿಟ್ಸ್? ಹಿಂದೆ ಹೀಗಾಗಿತ್ತೇ? ಮಗ ಹೇಳುತ್ತಾನೆ: “ಬೆಳಿಗ್ಗೆ ಗ್ಲಿಮೆಪಿರೈಡ್ ತಗೊಂಡ್ರು. ಇವತ್ತು ಉಪವಾಸ.”

ಉತ್ತರ ಇಲ್ಲೇ ಇದೆ. ಬೆವರು, ನಡುಕ, ಥಟ್ಟನೆ ಶುರುವಾದ ರಂಪ, ಹೊಟ್ಟೆ ಖಾಲಿ, ಶುಗರ್ ಮಾತ್ರೆ. “ಕಾಕಾ, ಯಾವ ಬೆರಳು ಕೊಡ್ತೀರಿ?” ಎಂದು ಕೇಳಿ 11.28ಕ್ಕೆ ಗ್ಲುಕೋಮೀಟರ್ ಹಾಕುತ್ತಾರೆ. ಶುಗರ್ 41. ಕಾಕಾ ಎಚ್ಚರವಾಗಿದ್ದಾರೆ, ನುಂಗಬಲ್ಲರು. ಆದ್ದರಿಂದ ನಾಲ್ಕು ಟೀ ಚಮಚ ಸಕ್ಕರೆ ಕದಡಿದ ನೀರು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ: 84. ಕಾಕಾ ನಾಚಿಕೊಂಡು “ನಾನು ಏನಾದರೂ ಅಂದೆನಾ?” ಎಂದು ಕೇಳುತ್ತಾರೆ.

ಬೆರಳು ಕೊಡದಿದ್ದರೆ? ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ಬೆವರುತ್ತಿದ್ದರೆ ಸಿಹಿ ನೀರು ಕೊಟ್ಟೇಬಿಡಿ. ಸ್ವಲ್ಪ ಹೊತ್ತು ಶುಗರ್ ಏರಿದರೆ ದೊಡ್ಡ ಹಾನಿಯಿಲ್ಲ, ಇಳಿದೇ ಇದ್ದರೆ ಮೆದುಳಿಗೆ ಹಾನಿ. ಮಂಪರಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ. ಡಾಕ್ಟರ್ ಹೇಳಿದಂತೆ ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್: 25 ಶೇಕಡಾದ್ದು 100 ಮಿಲಿ.

ಇಲ್ಲಿ ಹೆಚ್ಚಾಗಿ ತಪ್ಪುವುದು ಕೊನೆಯಲ್ಲಿ. ಕಾಕಾ ನಗುತ್ತಿದ್ದಾರೆಂದು ಮನೆಗೆ ಕಳಿಸುತ್ತಾರೆ. ಗ್ಲಿಮೆಪಿರೈಡ್ ಪ್ರಭಾವ ಇಡೀ ದಿನ ಇರಬಹುದು, ಸಂಜೆ ಶುಗರ್ ಮತ್ತೆ ಬೀಳುತ್ತದೆ. ಊಟ ಮಾಡಿಸಿ, ಆಸ್ಪತ್ರೆಯಲ್ಲಿ ಒಂದು ದಿನ ನಿಗಾದಲ್ಲಿಡಿಸಿ.

*ಶುಗರ್ ಸರಿಯಿದ್ದರೆ?*

ಆಕ್ಸಿಜನ್, ನಾಡಿ, ಬಿಪಿ, ಜ್ವರ ನೋಡಿ. ಎರಡು ಮೂರು ದಿನದಿಂದ ಕುಡಿತ ಬಿಟ್ಟು, ಕೈ ನಡುಗಿ, ಇಲ್ಲದ ಹುಳ ಕಾಣುತ್ತಿದ್ದರೆ ಅದು ಮದ್ಯ ಬಿಟ್ಟ ತೊಂದರೆ, ತುರ್ತಾಗಿ ಚಿಕಿತ್ಸೆ ಬೇಕು. ದೇಹದಲ್ಲಿ ಕಾರಣ ಸಿಗದೆ ಮನೋರೋಗವೆನಿಸಿದರೆ ಡಾಕ್ಟರ್ ಆದೇಶದಂತೆ ಮೊದಲು ಬಾಯಿಯ ಮಾತ್ರೆ ಕೇಳಿ ಕೊಡಿ, ಇಂಜೆಕ್ಷನ್ ಆಮೇಲೆ. ಹ್ಯಾಲೋಪೆರಿಡಾಲ್ ಹೃದಯದ ಬಡಿತದ ಲಯ ಕೆಡಿಸಬಲ್ಲದು. ಹೃದ್ರೋಗವಿದ್ದರೆ ಅಥವಾ ವಾಂತಿ ಭೇದಿಯಿಂದ ಪೊಟ್ಯಾಸಿಯಂ ಇಳಿದಿರಬಹುದಾದರೆ ಡಾಕ್ಟರಿಗೆ ಮೊದಲೇ ತಿಳಿಸಿ, ಸಾಧ್ಯವಿದ್ದರೆ ಇಸಿಜಿ ತೆಗೆಯಿರಿ. ಇಂಜೆಕ್ಷನ್ ಬಳಿಕ ಒಂದು ತಾಸು, 15 ನಿಮಿಷಕ್ಕೊಮ್ಮೆ ಉಸಿರು, ನಾಡಿ, ಬಿಪಿ, ಆಕ್ಸಿಜನ್ ಬರೆಯಿರಿ.

*ಮಾತು ಸೋಲುವ ಸಂದರ್ಭವೂ ಇದೆ*

ಕೈಯಲ್ಲಿ ಚಾಕು ಅಥವಾ ಬಾಟಲಿ ಇದ್ದರೆ ಕಸಿಯಲು ಹೋಗಬೇಡಿ. ಉಳಿದ ರೋಗಿಗಳನ್ನು ಹೊರಗೆ ಕಳಿಸಿ, ನೀವೂ ಹೊರಬನ್ನಿ, 112ಕ್ಕೆ ಕರೆ ಮಾಡಿ. ಆಂಬುಲೆನ್ಸಿಗೆ 108. ಮನೋರೋಗದ ಬಗ್ಗೆ ಸಲಹೆಗೆ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ. ಬೇರೆ ದಾರಿಯಿಲ್ಲದೆ ಕ್ಷಣಕಾಲ ಹಿಡಿಯಲೇಬೇಕಾದರೆ ಬೋರಲು ಬೇಡ, ಎದೆ ಕುತ್ತಿಗೆಯ ಮೇಲೆ ಭಾರ ಬೇಡ. ಒಬ್ಬರು ಮುಖ ಮತ್ತು ಉಸಿರನ್ನೇ ನೋಡುತ್ತಿರಲಿ. ಯಾಕೆ ಹಿಡಿದಿರಿ, ಎಷ್ಟು ನಿಮಿಷ ಎಂದು ಕೇಸ್ ಪೇಪರಿನಲ್ಲಿ ಬರೆಯಿರಿ.

ಮುಂದಿನ ಬಾರಿ ಯಾರಾದರೂ ಬ್ಯಾಂಡೇಜ್ ತಂದರೆ, ಅವರಿಂದ ಗ್ಲುಕೋಮೀಟರ್ ತರಿಸಿ.

ನಿಮ್ಮ ಪರಿಚಯದ ಸಿಸ್ಟರ್‌ಗಳಿಗೆ ಇದನ್ನು ಕಳುಹಿಸಿ. ಔಷಧಿ ಮಾತ್ರ ಡಾಕ್ಟರ್ ಆದೇಶವಿಲ್ಲದೆ ಕೊಡಬೇಡಿ.