ಸಾಹಿತ್ಯ ಸಮೀಕ್ಷೆಯ ಮುಂದೆ ಕೇಳತಕ್ಕ ಪ್ರಶ್ನೆಗಳು

ಗುತ್ತಲಿನಿಂದ ಮಂಡ್ಯದ ಕಾಲೇಜಿಗೆ ಹೋಗುವ ಸಂಶೋಧನ ವಿದ್ಯಾರ್ಥಿನಿಯೊಬ್ಬಳು “ನೀರಾವರಿಯೂ ಮಂಡ್ಯ ಸೀಮೆಯ ಗ್ರಾಮಜೀವನವೂ” ಎಂಬ ವಿಷಯವನ್ನು ಕುರಿತು ತನ್ನ ಸಾಹಿತ್ಯ ಸಮೀಕ್ಷೆಯನ್ನು ಮಂಡಿಸುತ್ತಿರುವಳೆಂದೂ, ತಾವು ಶ್ರೋತೃಗಳಲ್ಲಿ ಒಬ್ಬರಾಗಿ ಕುಳಿತಿರುವಿರೆಂದೂ ಭಾವಿಸೋಣ. ಆಕೆ ಪರದೆಯ ಮೇಲೆ ಮೂರು ತೀರ್ಮಾನಗಳನ್ನು ತೋರಿಸುತ್ತಾಳೆ: ಈ ಸೀಮೆಯ ಹಳ್ಳಿಗಳನ್ನು ಕುರಿತ ಆಳವಾದ ಅಧ್ಯಯನಗಳಿಲ್ಲ, ಕಾಲುವೆಯ ನೀರು ಸಮಾಜವನ್ನು ಬದಲಾಯಿಸಿತು, ಆ ಬದಲಾವಣೆ ಊರಿಗೆಲ್ಲ ಹಿತವಾಯಿತು. ಮಂಡನೆ ನಡೆಯುತ್ತಿರುವಾಗಲೇ ಹಾಳೆಯ ಎಡಕ್ಕೆ ಈ ಮಾತುಗಳನ್ನೂ, ಬಲಕ್ಕೆ ಒಂದೊಂದಕ್ಕೂ ಆಕೆ ಕೊಟ್ಟ ಆಧಾರವನ್ನೂ ಬರೆದುಕೊಳ್ಳತಕ್ಕದ್ದು. ಬಲಭಾಗ ಎಲ್ಲಿ ಬರಿದಾಗಿದೆಯೋ ಅಲ್ಲಿಂದಲೇ ಪ್ರಶ್ನೆ ಹುಟ್ಟುತ್ತದೆ.

“ಅಧ್ಯಯನಗಳಿಲ್ಲ” ಎಂಬ ಮಾತಿಗೆ ಮೊದಲು ಕೇಳಬೇಕಾದುದು, “ಯಾವ ಪದಗಳಿಂದ, ಎಲ್ಲೆಲ್ಲಿ ಹುಡುಕಿದಿರಿ?” ಎಂದು. ಸ್ಕಾರ್ಲೆಟ್ ಎಪ್‌ಸ್ಟೈನ್ ಅವರು 1950ರ ದಶಕದ ಮಧ್ಯದಲ್ಲಿ ಮಂಡ್ಯಕ್ಕೆ ಸಮೀಪದ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ನಡೆಸಿ, 1962ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಆದರೆ ಆ ಗ್ರಂಥದಲ್ಲಿ ಊರುಗಳಿಗೆ ವಂಗಲ, ದಲೇನ ಎಂಬ ಕಲ್ಪಿತ ನಾಮಗಳಿವೆ. ಎಂ. ಎನ್. ಶ್ರೀನಿವಾಸರ ರಾಮಪುರವೂ ಇಂತಹುದೇ ಮರೆಹೆಸರು. ಊರಿನ ನಿಜವಾದ ಹೆಸರಿನಿಂದ ಮಾತ್ರ ಗ್ರಂಥಾಲಯದ ಸೂಚಿಯನ್ನು ಶೋಧಿಸಿದವರ ಕಣ್ಣಿಗೆ ಈ ಗ್ರಂಥಗಳು ಬೀಳದೆ ಹೋಗುವುದು ಸಹಜ. ಆಗ ಅವರು ಕಂಡ ಕೊರತೆಯು ವಿದ್ವತ್ತಿನ ಕೊರತೆಯಲ್ಲ, ಶೋಧನೆಯ ಕೊರತೆ. ತಾನು ಬಳಸಿದ ಪದಗಳನ್ನೂ, ಕನ್ನಡದ ಪ್ರಬಂಧಗಳನ್ನು ಎಲ್ಲಿ ನೋಡಿದೆನೆಂಬುದನ್ನೂ ಆಕೆ ಹೇಳಬಲ್ಲಳಾದರೆ ಆ ಮಾತಿಗೆ ಬೆಲೆಯುಂಟು. “ಹೆಚ್ಚು ಸಿಕ್ಕಲಿಲ್ಲ” ಎಂದಷ್ಟೇ ಹೇಳಿದರೆ, ಇನ್ನೂ ಹುಡುಕಬೇಕೆಂದು ತಿಳಿಯತಕ್ಕದ್ದು.

ಎರಡನೆಯ ಮಾತಿನಲ್ಲಿ ವಿರೋಧ ಅಡಗಿದೆ; ಇಲ್ಲಿ ಸ್ವಲ್ಪ ನಿಲ್ಲಬೇಕು. ಎಪ್‌ಸ್ಟೈನರ ವಂಗಲಕ್ಕೆ ಕಾಲುವೆಯ ನೀರು ಬಂದಿತು. ಕಾಲುವೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದ ದಲೇನ ಒಣಭೂಮಿಯಾಗಿಯೇ ಉಳಿಯಿತು. ನೀರು ಬಂದ ಊರಿನಲ್ಲಿ ಕಬ್ಬೂ ಹಣವೂ ಬೆಳೆದರೂ, ಬೇಸಾಯವೇ ಜೀವನಾಧಾರವಾಗಿ ಮುಂದುವರಿದುದರಿಂದ ಒಕ್ಕಲಿಗ ಯಜಮಾನನಿಗೂ ದಲಿತ ಆಳಿಗೂ ಇದ್ದ ವಂಶಪಾರಂಪರ್ಯದ ಸಂಬಂಧ ಬಹುಮಟ್ಟಿಗೆ ಉಳಿಯಿತು. ನೀರು ಬಾರದ ಊರಿನ ಜನರಾದರೋ ಸುತ್ತಲಿನ ಸಮೃದ್ಧಿಯ ಪ್ರಯೋಜನ ಪಡೆಯಲು ನೌಕರಿ, ವ್ಯಾಪಾರಗಳೆಂದು ಹೊರಗೆ ಹೊರಟುದರಿಂದ ಅಲ್ಲಿಯೇ ಹಳೆಯ ಕಟ್ಟು ಹೆಚ್ಚಾಗಿ ಸಡಿಲವಾಯಿತು. ಆದುದರಿಂದ ವಿದ್ಯಾರ್ಥಿನಿ ಈ ಗ್ರಂಥವನ್ನು ತನ್ನ ತೀರ್ಮಾನಕ್ಕೆ ಆಧಾರವಾಗಿ ಹೆಸರಿಸಿದ್ದರೆ, ಪ್ರಶ್ನೆ ಹೀಗಿರಲಿ: “ಬದಲಾವಣೆ ಎಂದರೆ ಇಳುವರಿಯೋ, ಆದಾಯವೋ, ಜಾತಿಸಂಬಂಧವೋ? ಆ ಅಳತೆಯಿಂದ ದಲೇನದ ಸಂಗತಿಯನ್ನು ಹೇಗೆ ವಿವರಿಸುವಿರಿ?” ಎರಡು ಅಧ್ಯಯನಗಳು ಪರಸ್ಪರ ವಿರುದ್ಧವಾಗಿ ಕಂಡಾಗ ಸಾಮಾನ್ಯವಾಗಿ ಕಾಲಭೇದ, ಸ್ಥಳಭೇದ, ವಿಧಾನಭೇದಗಳನ್ನು ಪರೀಕ್ಷಿಸಿದರೆ ವಿರೋಧ ಕರಗುವುದುಂಟು, ಇಲ್ಲಿಯಾದರೋ ಒಬ್ಬರೇ ಸಂಶೋಧಕಿ, ಒಂದೇ ಕಾಲದಲ್ಲಿ, ಒಂದೇ ಕ್ರಮದಿಂದ, ನೆರೆಹೊರೆಯ ಊರುಗಳಲ್ಲಿ ಕಂಡುದಾದ್ದರಿಂದ ಅಂತಹ ಸಮಾಧಾನಗಳು ಸಾಲವು. ಇದರ ಬೆನ್ನಿಗೆ ವರ್ಷವನ್ನೂ ಕೇಳಬೇಕು. ಎಪ್‌ಸ್ಟೈನ್ ಅವರೇ 1970ರಲ್ಲಿ ಮರಳಿ ಬಂದು 1973ರಲ್ಲಿ ಇನ್ನೊಂದು ಗ್ರಂಥವನ್ನೂ, ಸಹಲೇಖಕರೊಡನೆ 1998ರಲ್ಲಿ ಮತ್ತೊಂದನ್ನೂ ಪ್ರಕಟಿಸಿದ್ದಾರೆ; 1962ರ ಚಿತ್ರವನ್ನೇ ಇಂದಿನ ಸ್ಥಿತಿಯೆಂಬಂತೆ ವರ್ತಮಾನ ಕಾಲದ ಕ್ರಿಯಾಪದಗಳಲ್ಲಿ ಬರೆದಿದ್ದರೆ, ಅದು ಸಮೀಕ್ಷೆಯ ದೋಷ.

“ಊರಿಗೆಲ್ಲ ಹಿತ” ಎಂಬುದಕ್ಕೆ ಬೇರೆ ಬಗೆಯ ಪ್ರಶ್ನೆ ಬೇಕು: “ಇದನ್ನು ಹೇಳಿದವರು ಯಾರು?” ಯಜಮಾನನ ಬಾಯಲ್ಲಿ ಬಾಂಧವ್ಯವೆನಿಸಿದ ಅದೇ ಹಳೆಯ ಸಂಬಂಧವು ಆಳಿನ ಬಾಯಲ್ಲಿ ಬಂಧನವೆನಿಸಬಹುದು. ಉದ್ಧರಿಸಿದ ಪ್ರತಿಯೊಂದು ಅಧ್ಯಯನದಲ್ಲಿಯೂ ಭೂಮಿಯುಳ್ಳವರ, ಕೂಲಿಯವರ, ಹೆಂಗಸರ ಮಾತುಗಳು ಎಷ್ಟೆಷ್ಟು ದಾಖಲಾಗಿವೆಯೆಂದು ಕೇಳಬೇಕು. ನೀರು ಸರಿಯಾಗಿ ತಲುಪುವುದಿಲ್ಲವೆಂದು ಹಲವು ವರ್ಷಗಳಿಂದ ಹೇಳುತ್ತ ಬಂದಿರುವ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕೊನೆಭಾಗದ ರೈತರು ಈ ಪಟ್ಟಿಯಲ್ಲಿ ಇರುವರೇ? ಇಲ್ಲದಿದ್ದರೆ “ಮಂಡ್ಯ ಸೀಮೆ” ಎಂಬ ಶೀರ್ಷಿಕೆ ಆಧಾರಕ್ಕಿಂತ ದೊಡ್ಡದಾಯಿತು. ಶೀರ್ಷಿಕೆಯನ್ನು ಕಿರಿದುಮಾಡಬೇಕು, ಇಲ್ಲವೆ ಓದನ್ನು ಹಿರಿದುಮಾಡಬೇಕು.

ಮೂರನ್ನೂ ಒಂದೇ ಉಸಿರಿನಲ್ಲಿ ಕೇಳಬಾರದು. ಹಾಗೆ ಕೇಳಿದರೆ ಉತ್ತರಿಸುವವರು ಸುಲಭವಾದುದನ್ನು ಆರಿಸಿಕೊಂಡು ಉಳಿದುದನ್ನು ದಾಟಿಬಿಡುವರು. ಒಂದು ಪ್ರಶ್ನೆ, ಅದಕ್ಕೆ ಸಂಬಂಧಿಸಿದ ಪರದೆಯ ಸಂಖ್ಯೆ, ಬಳಿಕ ಮೌನ, ಇಷ್ಟೇ ಸಾಕು. “ಆ ಭಾಗವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ ಸಾರ್, ಕಾರಣ ಇದು” ಎಂದು ಆಕೆ ಹೇಳಿದರೆ ಅದು ಯುಕ್ತವಾದ ಉತ್ತರ. ಆ ಕಾರಣವನ್ನು ಸಮೀಕ್ಷೆಯ ಮೊದಲ ಪುಟದಲ್ಲಿಯೇ ಬರೆಯುವಂತೆ ಸೂಚಿಸಿ ಮುಂದಿನ ಪ್ರಶ್ನೆಗೆ ಹೋಗತಕ್ಕದ್ದು. “ಅದೂ ಒಂದು ದೃಷ್ಟಿಕೋನ” ಎಂದು ಹೇಳಿ ಮುಗಿಸಲು ಯತ್ನಿಸಿದರೆ, ಬಿಡದೆ ಕೇಳಿರಿ: ದಲೇನವನ್ನು ಸೇರಿಸಿಕೊಂಡ ಮೇಲೆ ಆ ಎರಡನೆಯ ವಾಕ್ಯವನ್ನು ಈಗ ಹೇಗೆ ಬರೆಯುವಿರಿ?