ಕೆಂಪು ಕೇಳುವ ಗಿರಾಕಿ, ಹಳದಿ ಕೇಳುವ ಅಂಗಡಿ: ಗಿರಣಿಯವನ ಅನುಭವದ ಪಾಠಗಳು

ಹಾವೇರಿ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಖಾರ, ಅರಿಶಿನ ಬೀಸಿಕೊಡುವ ಗಿರಣಿ ನನ್ನದು. ಜನ ತಂದದ್ದನ್ನು ಬೀಸಿಕೊಡುವುದರ ಜೊತೆಗೆ ನಾನೇ ಪುಡಿ ಮಾಡಿ ಖಾನಾವಳಿಗಳಿಗೂ ಕೊಡುತ್ತೇನೆ. ಈ ಇಪ್ಪತ್ತೆರಡು ವರ್ಷಗಳಲ್ಲಿ ಬಣ್ಣದ ವಿಷಯದಲ್ಲಿ ನಾನು ಕಲಿತದ್ದು ಇಲ್ಲಿದೆ. ಒಂದೆರಡನ್ನು ತಪ್ಪು ಮಾಡಿಯೇ ಕಲಿತೆ.

1. ಬಣ್ಣಕ್ಕೂ ವಯಸ್ಸಿದೆ

ಒಂದು ಶ್ರಾವಣದಲ್ಲಿ ಖಾನಾವಳಿಯ ಯಜಮಾನರೊಬ್ಬರು ಚೀಲ ವಾಪಸ್ ತಂದಿಟ್ಟರು. "ಅಣ್ಣಾರ, ಈ ಸಲ ನಿಮ್ಮ ಖಾರ ಮಬ್ಬ ಐತಲ್ರಿ. ಎಣ್ಣಿಗಾಯಿಗೆ ಹಾಕಿದ್ರ ಬಣ್ಣಾನ ಬರವಲ್ದು," ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಅದೇ ಬ್ಯಾಡಗಿ, ಅದೇ ರೈತರ ಮಾಲು, ಆದರೆ ಫೆಬ್ರವರಿಯ ಕೆಂಪು ಅದರಲ್ಲಿ ಉಳಿದಿರಲಿಲ್ಲ.

ಮೆಣಸಿನಕಾಯಿಯ ಕೆಂಪು ಇರುವುದು ಸಿಪ್ಪೆಯಲ್ಲಿ. ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ ಅದಕ್ಕೆ ಮುಖ್ಯ ಕಾರಣ. ಬ್ಯಾಡಗಿಯಲ್ಲಿ ಅದು ಹೆಚ್ಚು, ಖಾರ ಕಡಿಮೆ. ಗುಂಟೂರಿನದು ಹೆಚ್ಚು ಖಾರ, ಬಣ್ಣದಲ್ಲಿ ಬ್ಯಾಡಗಿಗೆ ಸಮ ಅಲ್ಲ. ಬೆಳಕು, ಗಾಳಿ, ಸೆಕೆ ಮೂರೂ ಈ ಕೆಂಪನ್ನು ತಿನ್ನುತ್ತವೆ. ಇಡಿಯಾಗಿದ್ದಾಗ ನಿಧಾನವಾಗಿ ಮಾಸುವ ಬಣ್ಣ ಪುಡಿಯಾದ ಮೇಲೆ ಬೇಗ ಹೋಗುತ್ತದೆ. ಅದಕ್ಕೇ ಬ್ಯಾಡಗಿ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜುಗಳಿರುವುದು. ಗಾಜಿನ ಡಬ್ಬಿಯಲ್ಲಿ ಅಂಗಡಿಯ ಮುಂದೆ ಬಿಸಿಲಿಗೆ ಕೂತ ಪುಡಿ ತಿಂಗಳುಗಟ್ಟಲೆ ಕೆಂಡದಂತೆ ಕೆಂಪಗೇ ಇದ್ದರೆ ನನಗೆ ಮೊದಲು ಅನುಮಾನ ಬರುವುದು ಅದರ ಮೇಲೆಯೇ.

ಕಲಬೆರಕೆ ಹುಟ್ಟುವುದೂ ಈ ಜಾಗದಲ್ಲೇ. ಮಾಸಿದ ಹಳೆ ಕಾಯಿ, ಬಿಳಿಚಿದ ಕಾಯಿ, ಎಣ್ಣೆ ಹಿಂಡಿದ ಮೇಲೆ ಉಳಿದ ಚರಟ, ಬರೀ ಬೀಜ, ತೊಟ್ಟು, ತೌಡು, ಇವುಗಳ ಪುಡಿಗೆ ಕೆಂಪು ಕೊಟ್ಟರೆ ಹೊಸ ಖಾರದ ಬೆಲೆ ಸಿಗುತ್ತದೆ.

2. ನೀರಿನ ಲೋಟ ಅರ್ಧ ಸತ್ಯ ಮಾತ್ರ ಹೇಳುತ್ತದೆ

ಎಲ್ಲರಿಗೂ ಗೊತ್ತಿರುವ ಪರೀಕ್ಷೆ: ಗಾಜಿನ ಲೋಟದಲ್ಲಿ ನೀರು ತುಂಬಿ, ಮೇಲೆ ಚಿಟಿಕೆ ಖಾರ ಉದುರಿಸಿ, ಕಲಕದೆ ನೋಡುವುದು. ನೀರಲ್ಲಿ ಕರಗುವ ಬಣ್ಣ ಬೆರೆಸಿದ್ದರೆ ಪುಡಿಯಿಂದ ಕೆಂಪು ಎಳೆಗಳು ದಾರದಂತೆ ಕೆಳಗಿಳಿಯುತ್ತವೆ. ರೋಡಮೈನ್-ಬಿ ಸಿಕ್ಕಿಬೀಳುವುದು ಹೀಗೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿ, ಗೋಬಿ ಮಂಚೂರಿಗಳಲ್ಲಿ ನಿಷೇಧಿಸಿತಲ್ಲ, ಅದೇ ಬಣ್ಣ. ಲೋಟದ ತಳದಲ್ಲಿ ಕೂತದ್ದನ್ನು ಬೆರಳಲ್ಲಿ ಉಜ್ಜಿ ನೋಡಬೇಕು. ಗರಗರ ಅಂದರೆ ಇಟ್ಟಿಗೆ ಪುಡಿ ಅಥವಾ ಮರಳು, ಸೋಪಿನಂತೆ ಜಾರಿದರೆ ಬಳಪದ ಕಲ್ಲಿನ ಪುಡಿ.

ಆದರೆ ಸೂಡಾನ್ ಬಣ್ಣಗಳು ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಮೇಣ, ಬೂಟ್ ಪಾಲಿಶ್, ಎಣ್ಣೆಗಳಿಗೆ ಬಣ್ಣ ಕೊಡಲು ಮಾಡಿದ ರಾಸಾಯನಿಕಗಳಿವು. ಲೋಟದಲ್ಲಿ ಒಂದು ಎಳೆಯೂ ಇಳಿಯುವುದಿಲ್ಲ.

ನಾನು ಎಡವಿದ್ದು ಇಲ್ಲೇ. ಖಾನಾವಳಿಯವರನ್ನು ಕಳೆದುಕೊಳ್ಳಬಾರದೆಂದು ಆ ಶ್ರಾವಣದಲ್ಲಿ ಹೊರಗಿನ ವ್ಯಾಪಾರಿಯೊಬ್ಬರಿಂದ 60 ಕಿಲೋ ಸಿದ್ಧ ಪುಡಿ ತರಿಸಿದೆ. ಕಡುಗೆಂಪು, ನುಣುಪು. ಲೋಟದಲ್ಲಿ ಹಾಕಿದೆ, ನೀರು ತಿಳಿಯಾಗಿಯೇ ಇತ್ತು. ಬೆಚ್ಚಗಿನ ಎಣ್ಣೆಗೆ ಹಾಕಿದೆ, ಕ್ಷಣದಲ್ಲಿ ಕೆಂಪಾಯಿತು. ಅದನ್ನೇ ದೊಡ್ಡ ಗುಣ ಎಂದುಕೊಂಡೆ. ಆದರೆ ಮೆಣಸಿನಕಾಯಿಯ ಸ್ವಂತ ಬಣ್ಣವೂ ಎಣ್ಣೆಯಲ್ಲೇ ಕರಗುವುದು. ಒಗ್ಗರಣೆ ಕೆಂಪಾಗುವುದು ಅದರಿಂದಲೇ ಅಲ್ಲವೆ? ಹಾಗಾಗಿ ಎಣ್ಣೆಯ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಅಡುಗೆಮನೆಯಲ್ಲಿ ಸೂಡಾನ್ ಹಿಡಿಯುವ ದಾರಿ ನನಗೆ ಇವತ್ತಿಗೂ ಸಿಕ್ಕಿಲ್ಲ.

ನನ್ನ ಹೆಂಡತಿ ಮಾತ್ರ ಪುಡಿಯನ್ನು ಬಿಳಿ ಹಾಳೆಯ ಮೇಲೆ ಹರಡಿ, "ಇದರಾಗ ಬೀಜಾನ ಕಾಣವಲ್ದಲ್ರಿ," ಅಂದಳು. ಕಾಯಿಯನ್ನು ಬೀಜ ಸಮೇತ ಬೀಸಿದರೆ ಪುಡಿಯಲ್ಲಿ ಹಳದಿ ಚುಕ್ಕೆಗಳು ಉಳಿಯುತ್ತವೆ. ಇದರಲ್ಲಿ ಚುಕ್ಕೆಗಳೂ ಕೆಂಪಗಿದ್ದವು. ಬೀಜ ತೆಗೆದು ಬೀಸಿದ ಒಳ್ಳೆಯ ಪುಡಿಯೂ ಉಂಟು, ಹಾಗಾಗಿ ಅದೊಂದೇ ಸಾಕ್ಷಿಯಲ್ಲ. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದೆ. ಸೂಡಾನ್-1 ಇದೆ ಎಂದು ವರದಿ ಬಂತು.

ಚೀಲಗಳನ್ನು ವ್ಯಾಪಾರಿಗೇ ಹಿಂತಿರುಗಿಸಿ ಹಣ ಪಡೆದೆ. ಆಹಾರ ಸುರಕ್ಷತಾ ಅಧಿಕಾರಿಗೆ ಹೇಳಲಿಲ್ಲ. ಆ 60 ಕಿಲೋ ಮತ್ಯಾರದೋ ಸಾರಿಗೆ ಹೋಗಿರಬೇಕು. ಈಗಲೂ ಆ ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ.

3. ಎಲ್ಲ ಬಣ್ಣದ ಅಪಾಯವೂ ಒಂದೇ ಅಲ್ಲ

ಸೂಡಾನ್-1 ತಿನ್ನಿಸಿದ ಇಲಿಗಳ ಯಕೃತ್ತಿನಲ್ಲಿ ಗಂಟುಗಳು ಕಂಡಿವೆ. ಮನುಷ್ಯರ ಬಗ್ಗೆ ಸಾಕಷ್ಟು ಪುರಾವೆ ಇಲ್ಲವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು 3ನೇ ಗುಂಪಿನಲ್ಲಿಟ್ಟಿದೆ. ಹಾಗಂತ ಯಾವ ದೇಶವೂ ಅದನ್ನು ಆಹಾರಕ್ಕೆ ಬಿಟ್ಟಿಲ್ಲ. 2003ರಲ್ಲಿ ಫ್ರಾನ್ಸ್‌ನಲ್ಲಿ ಭಾರತದ ಖಾರದಲ್ಲಿ ಇದು ಸಿಕ್ಕ ಮೇಲೆ ಯುರೋಪ್ ಪ್ರಮಾಣಪತ್ರವಿಲ್ಲದ ಖಾರವನ್ನು ತಡೆಯಿತು. 2005ರಲ್ಲಿ ಬ್ರಿಟನ್‌ನಲ್ಲಿ ಒಂದು ಸಾಸ್‌ಗೆ ಬಳಸಿದ ಖಾರದಿಂದ ನೂರಾರು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ತೆಗೆಯಬೇಕಾಯಿತು. ಒಂದು ದಿನದ ಊಟದಿಂದ ಏನೂ ಆಗದಿರಬಹುದು. ಆದರೆ ಖಾರ ನಾವು ದಿನಾ, ಜನ್ಮವಿಡೀ ತಿನ್ನುವ ವಸ್ತು.

ಅರಿಶಿನಕ್ಕೆ ಬೆರೆಸುವ ಮೆಟಾನಿಲ್ ಹಳದಿಯೂ ಆಹಾರಕ್ಕೆ ಅನುಮತಿಯಿಲ್ಲದ ಬಣ್ಣ. ಆದರೆ ಇವೆಲ್ಲಕ್ಕಿಂತ ನನಗೆ ಭಯ ಸೀಸದ ಕ್ರೋಮೇಟ್‌ನದು. ಪೇಂಟಿನಲ್ಲಿ ಬಳಸುವ ಈ ಹಳದಿಯ ತೂಕದಲ್ಲಿ ಶೇ. 64ರಷ್ಟು ಸೀಸವೇ.

ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಅರಿಶಿನಕ್ಕೆ ಒಂದೇ ಗ್ರಾಂ, ಅಂದರೆ ಒಂದು ಚಿಟಿಕೆ ಬೆರೆತರೆ ಸುಮಾರು 640 ಮಿಲಿಗ್ರಾಂ ಸೀಸ ಸೇರಿತು. ನಮ್ಮ ಕಾನೂನು ಅರಿಶಿನದಲ್ಲಿ ಕಿಲೋಗೆ 10 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ. ಆ ಚಿಟಿಕೆ ಮಿತಿಯ 64 ಪಟ್ಟು. ಸೀಸ ಮೂಳೆಯಲ್ಲಿ ಕೂತು ವರ್ಷಗಟ್ಟಲೆ ಉಳಿಯುತ್ತದೆ, ಗರ್ಭಿಣಿಯಿಂದ ಮಗುವಿಗೆ ಹೋಗುತ್ತದೆ, ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ.

4. ಕೊಂಬನ್ನು ಮುರಿದು ನೋಡಿ

ಈ ಪೇಂಟಿನ ಹಳದಿ ಹೆಚ್ಚಾಗಿ ಸೇರುವುದು ಪುಡಿಗಿಂತ ಮೊದಲೇ, ಕೊಂಬನ್ನು ಪಾಲಿಶ್ ಮಾಡುವಾಗ. ಬೇಯಿಸಿ ಒಣಗಿಸಿದ ಕೊಂಬು ಮಣ್ಣು ಬಣ್ಣಕ್ಕಿರುತ್ತದೆ. ಅದನ್ನು ಪೀಪಾಯಿಯಲ್ಲಿ ತಿರುಗಿಸಿ ಸಿಪ್ಪೆ ಉಜ್ಜುತ್ತಾರೆ, ಕೊನೆಯಲ್ಲಿ ಒಂದಿಷ್ಟು ಅರಿಶಿನ ಪುಡಿ ಹಾಕಿ ಮೆರುಗು ಕೊಡುವುದೂ ರೂಢಿ. ಆ ಪುಡಿಯ ಜಾಗಕ್ಕೆ ಬೇರೆ ಹಳದಿ ಬಂದರೆ ಕಣ್ಣಿಗೆ ಗೊತ್ತಾಗುವುದಿಲ್ಲ.

ಬಾಂಗ್ಲಾದೇಶದಲ್ಲಿ ನಡೆದದ್ದು ಇದೇ. 1980ರ ದಶಕದ ಒಂದು ನೆರೆಯಲ್ಲಿ ಅರಿಶಿನ ನೆನೆದು ಕಂದಿತು, ಅದಕ್ಕೆ ಹೊಳಪು ಕೊಡಲು ಶುರುವಾದ ಅಭ್ಯಾಸ ದಶಕಗಟ್ಟಲೆ ನಡೆಯಿತು. 2019ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಢಾಕಾದ ಸಂಶೋಧಕರು ಜನರ ರಕ್ತದಲ್ಲಿದ್ದ ಸೀಸದ ಮೂಲ ಅರಿಶಿನ ಎಂದು ತೋರಿಸಿದರು. ಸರ್ಕಾರ ಮಾರುಕಟ್ಟೆಯಲ್ಲೇ ಯಂತ್ರವಿಟ್ಟು ತಪಾಸಣೆ ಮಾಡಿತು, ದಂಡ ಹಾಕಿತು. 2019ರಲ್ಲಿ ಶೇ. 47ರಷ್ಟು ಮಾದರಿಗಳಲ್ಲಿ ಸಿಕ್ಕ ಸೀಸ 2021ಕ್ಕೆ ಸೊನ್ನೆಗೆ ಬಂತು. ನಮ್ಮಲ್ಲಿ ಹಾಗಿಲ್ಲ ಅಂದುಕೊಳ್ಳಬೇಡಿ: 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾಟ್ನಾದ ಮಾದರಿಯೊಂದರಲ್ಲಿ ಕಿಲೋಗೆ 2000 ಮಿಲಿಗ್ರಾಂ ಮೀರಿ ಸೀಸವಿತ್ತು.

ನಾನು ಕೊಂಬು ಕೊಳ್ಳುವಾಗ ಒಂದೆರಡನ್ನು ಮುರಿಯುತ್ತೇನೆ. ಒಳಗೆ ಗಾಢ ಕಿತ್ತಳೆ, ಹೊರಗೆ ಮಂಕು ಇದ್ದರೆ ಸರಿ. ಹೊರಗಿನ ಹಳದಿ ಒಳಗಿನದಕ್ಕಿಂತ ಝಗಝಗಿಸಿದರೆ, ಅದರಲ್ಲೂ ಕೊಂಬಿನ ಬಳೆಗಳ ಸಂದಿಯಲ್ಲಿ ಪುಡಿ ಕೂತಿದ್ದರೆ, ನೀರಿನ ಲೋಟಕ್ಕೆ ಹಾಕುತ್ತೇನೆ. ತಕ್ಷಣ ಬಣ್ಣ ಬಿಟ್ಟ ಕೊಂಬು ನನಗೆ ಬೇಡ. ಅರಿಶಿನದಿಂದಲೇ ಮೆರುಗು ಕೊಟ್ಟ ಒಳ್ಳೆಯ ಕೊಂಬೂ ಹೀಗೆ ಒಮ್ಮೊಮ್ಮೆ ಹೊರಬೀಳುತ್ತದೆ, ಇರಲಿ. ಪಾಲಿಶ್ ಮಾಡದ ಕೊಂಬು ಕೇಳಿದರೆ ಈ ತಲೆನೋವೇ ಇಲ್ಲ. ನೋಡಲು ಚೆಂದವಿಲ್ಲ ಅಷ್ಟೇ. ಕೊಂಬು ಕಲ್ಲಿನಂತಿರುತ್ತದೆ, ನೇರ ಮಿಕ್ಸಿಗೆ ಹಾಕಬೇಡಿ. ಒರಳಲ್ಲಿ ಜಜ್ಜಿ ಗಿರಣಿಗೆ ತನ್ನಿ.

5. ಸುಣ್ಣ ನಂಬಬೇಡಿ

ಸುಣ್ಣ ಹಾಕಿದಾಗ ಓಕುಳಿಯಂತೆ ಕೆಂಪಾದರೆ ಅಸಲಿ ಅರಿಶಿನ ಎಂದು ಹಿರಿಯರು ಹೇಳುತ್ತಾರೆ. ಅದು ಅರಿಶಿನ ಇದೆ ಎಂದಷ್ಟೇ ಹೇಳುತ್ತದೆ, ಬೇರೇನೂ ಇಲ್ಲ ಎಂದಲ್ಲ. ಮೆಟಾನಿಲ್ ಹಳದಿಗೆ ಪರೀಕ್ಷೆ ಬೇರೆ: ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿಗಳಿಂದ ಬಂದ ಗುಲಾಬಿ ಬಣ್ಣ, ನೀರು ಬೆರೆಸಿದರೂ ಹೋಗದಿದ್ದರೆ ಅದು ಇದೆ. ಆ ಆಮ್ಲವನ್ನು ಮನೆಗೆ ತರಬೇಡಿ, ಕಾಲೇಜಿನ ಪ್ರಯೋಗಾಲಯದವರು ಮಾಡಲಿ.

6. ಬೆಲೆಯೇ ಮೊದಲ ಜರಡಿ

10 ಕಿಲೋ ಕಾಯಿಯ ತೊಟ್ಟು ಮುರಿದು, ಬಿಸಿಲಿಗೆ ಹಾಕಿ ಬೀಸಿದರೆ ನನ್ನ ಗಿರಣಿಯಲ್ಲಿ 9 ಕಿಲೋ ಪುಡಿ ಸಿಗುವುದು ಕಷ್ಟ. ಮೇಲೆ ಕೂಲಿ, ಕರೆಂಟು, ಸಾಗಣೆ. ಹೀಗಿರುವಾಗ ಅದೇ ಪೇಟೆಯಲ್ಲಿ ಇಡೀ ಬ್ಯಾಡಗಿಗಿಂತ ಅಗ್ಗಕ್ಕೆ ಸಿಗುವ "ಬ್ಯಾಡಗಿ ಪುಡಿ"ಯಲ್ಲಿ ಏನಿದ್ದೀತು?

ನಿಮ್ಮ ಮನೆಗೆ ನಾನು ಹೇಳುವುದು ಇಷ್ಟು: ಇಡೀ ಕಾಯಿ ಕೊಂಡು, ಎರಡು ತಿಂಗಳಿಗಾಗುವಷ್ಟೇ ಬೀಸಿಸಿ, ಕತ್ತಲಲ್ಲಿ ಬಿಗಿ ಡಬ್ಬಿಯಲ್ಲಿಡಿ. ಗಿರಣಿಯಲ್ಲಿ ಹಿಂದಿನವರ ಮಾಲು ಸ್ವಲ್ಪ ಉಳಿದಿರುತ್ತದೆ, ನಿಮ್ಮದರ ಮೊದಲ ಹಿಡಿಯನ್ನು ಬೇರೆ ತೆಗೆಯಲು ಹೇಳಿ. ಪ್ಯಾಕೆಟ್ ಕೊಳ್ಳುವವರು ಪದಾರ್ಥಗಳ ಪಟ್ಟಿ ಓದಿ. ಖಾರದ ಪುಡಿಗೆ ಶೇ. 2ರವರೆಗೆ ಖಾದ್ಯ ತೈಲ ಸೇರಿಸಲು ಕಾನೂನು ಒಪ್ಪುತ್ತದೆ, ಲೇಬಲ್ಲಿನಲ್ಲಿ ಹೇಳಿದ್ದರೆ. ಬಣ್ಣ ಮಾತ್ರ ಯಾವುದನ್ನೂ ಒಪ್ಪುವುದಿಲ್ಲ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಶುದ್ಧತೆಯ ಮುದ್ರೆಯಲ್ಲ, ತಪ್ಪಾದರೆ ಯಾರನ್ನು ಹಿಡಿಯಬೇಕೆಂಬ ವಿಳಾಸ. ಬಿಡಿ ಪುಡಿಗೆ ಆ ವಿಳಾಸವೂ ಇಲ್ಲ.

7. ಪ್ರಯೋಗಾಲಯಕ್ಕೆ ಬಣ್ಣದ ಹೆಸರು ಹೇಳಿ

ಆ ವ್ಯಾಪಾರಿ ನನಗೊಂದು ವರದಿ ತೋರಿಸಿದ್ದರು. "ನೀರಲ್ಲಿ ಕರಗುವ ಕೃತಕ ಬಣ್ಣ: ಇಲ್ಲ" ಎಂದಿತ್ತು. ಅದು ಸುಳ್ಳು ವರದಿಯಲ್ಲ. ಸೂಡಾನ್ ನೀರಲ್ಲಿ ಕರಗುವುದಿಲ್ಲ, ಅದನ್ನು ಹುಡುಕಲು ಅವರು ಕೇಳಿರಲೂ ಇಲ್ಲ. ಈಗ ನಾನು ಮಾದರಿ ಕಳಿಸುವಾಗ ಚೀಟಿಯಲ್ಲಿ ಬರೆಯುತ್ತೇನೆ: ಖಾರಕ್ಕೆ ಸೂಡಾನ್ 1ರಿಂದ 4 ಮತ್ತು ರೋಡಮೈನ್-ಬಿ, ಅರಿಶಿನಕ್ಕೆ ಮೆಟಾನಿಲ್ ಹಳದಿ ಮತ್ತು ಸೀಸ, ಸೀಸವನ್ನು ಕಿಲೋಗೆ ಎಷ್ಟು ಮಿಲಿಗ್ರಾಂ ಎಂದು ಅಂಕಿಯಲ್ಲೇ. ಚೀಲದ ಮೇಲಿನದ್ದನ್ನಷ್ಟೇ ಅಲ್ಲ, ನಡುವಿನ ಮತ್ತು ತಳದ ಮಾಲನ್ನೂ ತೆಗೆದು ಬೆರೆಸಿ ಕಳಿಸುತ್ತೇನೆ. ಒಂದು ಪಾಲನ್ನು ಮೊಹರು ಹಾಕಿ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಖಾನಾವಳಿಯ ಯಜಮಾನರಿಗೆ ಶ್ರಾವಣದಿಂದ ಸಂಕ್ರಾಂತಿಯವರೆಗೆ ಈಗಲೂ ಮಬ್ಬು ಖಾರವೇ ಹೋಗುತ್ತದೆ. ವರದಿಯ ಪ್ರತಿಯನ್ನೂ ಚೀಲದ ಜೊತೆ ಕಟ್ಟಿ ಕಳಿಸುತ್ತೇನೆ. ಅವರು ಅದನ್ನು ಗಲ್ಲಾದ ಹಿಂದೆ ಗೋಡೆಗೆ ಅಂಟಿಸಿದ್ದಾರೆ, ಎಣ್ಣೆಗಾಯಿಗೆ ಒಂದು ಬ್ಯಾಡಗಿ ಹೆಚ್ಚು ಅರೆದು ಹಾಕುತ್ತಾರೆ.